ಹತ್ತಿ ಬೆಲೆ ಏರಿಕೆ: ಖರೀದಿಯೋ, ಬರೀ ಚುಕ್ತಾವೋ?

ಬಳ್ಳಾರಿ: ಸಿರುಗುಪ್ಪ, ಕುರುಗೋಡು ಭಾಗದ ಹತ್ತಿ ಬೆಳೆಗಾರರು ಇಂದು ಮಾರುಕಟ್ಟೆಗೆ ಬರುವ ಮುನ್ನವೇ ಮೊಬೈಲ್‌ನಲ್ಲಿ ಮುಂಬೈನ ಎಂಸಿಎಕ್ಸ್ ವಾಯಿದಾ ದರ ನೋಡಿರುತ್ತಾರೆ. ದರ ಏರಿದ್ದರೆ ಮಾಲು ತಡೆಹಿಡಿಯುವ ಆಲೋಚನೆ ಸಹಜ. ಆದರೆ ದರದ ಪಕ್ಕದಲ್ಲೇ ಇರುವ ಇನ್ನೆರಡು ಅಂಕಿಗಳನ್ನು ಗಮನಿಸುವವರು ವಿರಳ.

ಒಂದು, ಆ ದಿನದ ವಹಿವಾಟು ಪ್ರಮಾಣ. ಇನ್ನೊಂದು ಓಪನ್ ಇಂಟರೆಸ್ಟ್, ಅಂದರೆ ದಿನದ ಕೊನೆಗೆ ಚುಕ್ತಾ ಆಗದೆ ಉಳಿದ ಕರಾರುಗಳ ಸಂಖ್ಯೆ. ಬೆಳಿಗ್ಗೆ ಕೊಂಡು ಸಂಜೆ ಮಾರಿದವನ ವ್ಯವಹಾರ ಮೊದಲನೆಯದನ್ನು ಉಬ್ಬಿಸುತ್ತದೆಯೇ ಹೊರತು, ಅವನ ಪಾಲು ಎರಡನೆಯದರಲ್ಲಿ ಉಳಿಯುವುದಿಲ್ಲ.

ಲೆಕ್ಕಕ್ಕಾಗಿ ಒಂದು ನಿದರ್ಶನ ಊಹಿಸೋಣ. ಮೂರು ದಿನಗಳಲ್ಲಿ ಕ್ಯಾಂಡಿಯೊಂದಕ್ಕೆ 1,200 ರೂ. ಏರಿದೆ. ಓಪನ್ ಇಂಟರೆಸ್ಟ್ ಮಾತ್ರ 400 ಲಾಟ್‌ಗಳಿಂದ 310ಕ್ಕೆ ಇಳಿದಿದೆ. ನಡುವಿನ ದಿನ 150 ಲಾಟ್ ವಹಿವಾಟು ನಡೆದು, ಓಪನ್ ಇಂಟರೆಸ್ಟ್ 60 ಕುಗ್ಗಿದೆ ಎನ್ನೋಣ. ಅಂದು ಕನಿಷ್ಠ 60 ಲಾಟ್‌ಗಳಲ್ಲಿ ಕೊಂಡವನೂ ಮಾರಿದವನೂ ಹಳೆಯ ಕರಾರನ್ನೇ ಮುಗಿಸಿ ಹೊರನಡೆದಿದ್ದಾರೆ. ದರ ಇಳಿಯುವುದೆಂದು ಮೊದಲೇ ಮಾರಿಟ್ಟವರು ನಷ್ಟಕ್ಕೆ ಹೆದರಿ ಮರಳಿ ಕೊಂಡದ್ದೇ ಈ ಏರಿಕೆಗೆ ಕಾರಣವಿರಬಹುದು. ಅವರ ಖರೀದಿ ಮುಗಿದೊಡನೆ ದರಕ್ಕೆ ಆಸರೆ ತಪ್ಪುತ್ತದೆ. ಅದೇ ಏರಿಕೆಯಲ್ಲಿ ಓಪನ್ ಇಂಟರೆಸ್ಟ್ 400ರಿಂದ 520ಕ್ಕೆ ಬೆಳೆದಿದ್ದು, ವಹಿವಾಟೂ ದಿನೇ ದಿನೇ ಹೆಚ್ಚಿದ್ದರೆ ಹೊಸ ಹಣ ಬಂದಿದೆ ಎಂದರ್ಥ. ಆ ಏರಿಕೆಗೆ ಹೆಚ್ಚು ಬೆಲೆ ಕೊಡಬಹುದು.

ಇಲ್ಲೊಂದು ಮೋಸದ ತಿರುವಿದೆ. ಕರಾರಿನ ಅವಧಿ ಮುಗಿಯುವ ವಾರಗಳಲ್ಲಿ ವ್ಯಾಪಾರಿಗಳು ಮುಂದಿನ ತಿಂಗಳ ಕರಾರಿಗೆ ಜಿಗಿಯುತ್ತಾರೆ. ಆಗ ಹತ್ತಿರದ ತಿಂಗಳ ಓಪನ್ ಇಂಟರೆಸ್ಟ್ ಇಳಿದೇ ಇಳಿಯುತ್ತದೆ. ಅದು ದೌರ್ಬಲ್ಯದ ಲಕ್ಷಣವಲ್ಲ. ಆದ್ದರಿಂದ ಎಲ್ಲ ತಿಂಗಳುಗಳ ಮೊತ್ತವನ್ನೇ ನೋಡಬೇಕು.

ಇನ್ನೂ ದೊಡ್ಡ ಮಿತಿ ಪೇಟೆಯ ಗಾತ್ರದ್ದು. 2022ರ ಆಗಸ್ಟ್‌ನಲ್ಲಿ ಎಂಸಿಎಕ್ಸ್‌ನಲ್ಲಿ ಹತ್ತಿ ದರ 170 ಕಿಲೋ ಬೇಲ್‌ಗೆ 50,000 ರೂ. ದಾಟಿದಾಗ ಜವಳಿ ಗಿರಣಿಗಳು ಸಟ್ಟಾ ಎಂದು ದೂರಿದವು. ಬಳಿಕ ಹೊಸ ಕರಾರುಗಳಿಗೆ ತಡೆ ಬಿದ್ದು, 2023ರ ಫೆಬ್ರುವರಿಯಲ್ಲಿ ಕ್ಯಾಂಡಿ ಲೆಕ್ಕದ, 48 ಕ್ಯಾಂಡಿಗಳ ದೊಡ್ಡ ಲಾಟ್‌ನೊಂದಿಗೆ ವಹಿವಾಟು ಮತ್ತೆ ಶುರುವಾಯಿತು. ಕ್ಯಾಂಡಿಯೆಂದರೆ ಸುಮಾರು 356 ಕಿಲೋ ಅರಳೆ. ಒಂದು ಲಾಟ್ ಎಂದರೆ 17 ಟನ್ ಮೀರುತ್ತದೆ. ಹತ್ತಾರು ಲಾಟ್‌ಗಳಷ್ಟೇ ಕೈ ಬದಲಾಗುವ ದಿನ ಒಬ್ಬಿಬ್ಬರ ಖರೀದಿಯೇ ದರವನ್ನು ಎಳೆಯಬಲ್ಲದು. ಅಂಥ ದಿನ ಈ ಅಂಕಿಗಳಿಂದ ಯಾವ ತೀರ್ಮಾನಕ್ಕೂ ಬರಲಾಗದು. ಆಗ ಜಿನ್ನಿಂಗ್ ಗಿರಣಿಯವರು ನಿಜವಾಗಿ ಯಾವ ದರಕ್ಕೆ ಮಾಲು ಎತ್ತುತ್ತಿದ್ದಾರೆ ಎಂದು ಬಳ್ಳಾರಿ ಎಪಿಎಂಸಿಯಲ್ಲಿ ವಿಚಾರಿಸುವುದೇ ಲೇಸು.