ನಮ್ಮವರು ಅಂದ ಮಾತ್ರಕ್ಕೆ ಮೂವತ್ತು ಸಾವಿರ ಕಳಿಸಬೇಡಿ

ಪುಣೆಯ ವಾಕಡ್‌ನಲ್ಲಿರೋ ನಮ್ಮ ಟೂ ಬಿಎಚ್‌ಕೆಯಲ್ಲಿ ಒಂದು ಜಾಗ ಖಾಲಿ ಆಗ್ತಿದೆ ಅಂತ ಹಾಕಿದ್ದೆ. ಅದಕ್ಕೆ ನೀವು ಇಂಗ್ಲಿಷಿನಲ್ಲಿ ಬರೆದ ಪತ್ರ ತಲುಪಿತು. ಉತ್ತರವನ್ನ ಕನ್ನಡದಲ್ಲೇ ಬರೀತಿದ್ದೀನಿ. ಸ್ವಲ್ಪ ಬೈಯೋದಿದೆ, ಅದು ಕನ್ನಡದಲ್ಲೇ ಸರಿಯಾಗಿ ಬರುತ್ತೆ.

ನಿಮ್ಮ ಪತ್ರದಲ್ಲಿ ಹತ್ತು ವಾಕ್ಯಗಳಿವೆ. 'ರೆಸ್ಪೆಕ್ಟೆಡ್ ಸರ್' ಅಂತ ಶುರುವಾಗಿ, ಕಂಪನಿ ಹೆಸರು, ಹುದ್ದೆ, ಓದಿದ ಕಾಲೇಜು, ಸಿಗರೇಟು ಸೇದಲ್ಲ, ಕುಡಿಯಲ್ಲ, ಶುದ್ಧ ಸಸ್ಯಾಹಾರಿ, ಒಳ್ಳೆ ಮನೆತನ. ಇದು ಮನೆ ವಿಚಾರಣೆಯೋ, ವಧು-ವರರ ಕಾಲಮ್ಮೋ? ನಿಮ್ಮ ಬಗ್ಗೆ ಎಲ್ಲ ಹೇಳಿದ್ರಿ, ಮನೆ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಕೊನೆಗೆ, ನನ್ನ ಹೆಸರು ನೋಡಿ ಗೊತ್ತಾಯ್ತಂತೆ, ನೀವೂ ಕನ್ನಡದವರಂತೆ, ಗದಗದ ಕಡೆಯವರಂತೆ. ಆದ್ದರಿಂದ ಮನೆ ನೋಡದೇ ಇವತ್ತೇ ಡಿಪಾಸಿಟ್ ಮೂವತ್ತು ಸಾವಿರ ಕಳಿಸೋಕೆ ರೆಡಿ ಅಂತೆ.

ನನಗೆ ಸಿಟ್ಟು ಬಂದದ್ದು ಆ 'ಆದ್ದರಿಂದ' ಓದಿ. ಯಾಕಂದ್ರೆ ಕೆಲವು ವರ್ಷಗಳ ಹಿಂದೆ ನಾನೂ ಅದೇ ಪದ ನಂಬಿ ದುಡ್ಡು ಕಳ್ಕೊಂಡವನು.

ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿ ಪುಣೆಗೆ ಬಂದು ಇಳಿದಾಗ ನನಗೆ ಮರಾಠಿ ಬರ್ತಿರಲಿಲ್ಲ, ಹಿಂದಿ ಅಷ್ಟಕ್ಕಷ್ಟೇ. ಮೂರು ಹುಡುಗರಿದ್ದ ಒಂದು ಫ್ಲ್ಯಾಟಿನಿಂದ ಒಬ್ಬರು ಖಾಲಿ ಮಾಡ್ತಿದ್ದರು, ಧಾರವಾಡದವರು. "ಬಾರೋ ತಮ್ಮಾ, ನಮ್ಮವನ ಇದ್ದಿ, ಅಗ್ರಿಮೆಂಟು ಗಿಗ್ರಿಮೆಂಟು ಏನ್ ಬ್ಯಾಡ. ನನ್ನ ಪಾಲಿನ ಡಿಪಾಸಿಟ್ ನನಗ ಕೊಡು, ನನ್ನ ಜಾಗಾ ನಿಂದು" ಅಂದರು. ಇಪ್ಪತ್ತೈದು ಸಾವಿರ ಅವರ ಖಾತೆಗೆ ಹಾಕಿದೆ. ಆ ದಿನ ಎಷ್ಟು ಹಗುರಾಗಿದ್ದೆ ಅಂದ್ರೆ, ಅವ್ವಗೆ ಫೋನ್ ಮಾಡಿ "ನಮ್ಮ ಕಡೆಯವ್ರ ಸಿಕ್ಕಾರ" ಅಂತ ಹೇಳಿದ್ದೆ.

ಏಳು ತಿಂಗಳಾದ ಮೇಲೆ ಕರಾರಿನ ಅವಧಿ ಮುಗಿಯಿತು. ಓನರ್ ಮನೆ ಖಾಲಿ ಮಾಡಿ ಅಂದರು. ಡಿಪಾಸಿಟನ್ನ ಕರಾರಿನಲ್ಲಿದ್ದ ಮೂವರ ಖಾತೆಗೆ ಸಮಪಾಲಾಗಿ ವಾಪಸ್ ಹಾಕಿದರು. ಆ ಮೂರು ಹೆಸರಲ್ಲಿ ಒಂದು, ಅಷ್ಟೊತ್ತಿಗೆ ಬೆಂಗಳೂರು ಸೇರಿದ್ದ ನಮ್ಮ ಧಾರವಾಡದ ಅಣ್ಣನದು. ನನ್ನ ಪಾಲೆಲ್ಲಿ ಅಂತ ಕೇಳೋಕೆ ಹೋದರೆ ಓನರ್ ಕಾಗದ ತೋರಿಸಿ ಕೇಳಿದ್ದು ಒಂದೇ ಮಾತು: "ತುಮ್ಚ ನಾವ್ ಕುಠೇ ಆಹೇ?" ಮರಾಠಿಯಲ್ಲಿ 'ನಾವ್' ಅಂದ್ರೆ ಹೆಸರು. ನಿಮ್ಮ ಹೆಸರೆಲ್ಲಿದೆ ಅಂತ. ನನಗೆ ಗೊತ್ತಿದ್ದದ್ದು ಕನ್ನಡದ 'ನಾವು' ಮಾತ್ರ. ಕಾಗದದಲ್ಲಿ ಅದಕ್ಕೆ ಕಾಲಮ್ ಇರಲಿಲ್ಲ.

ಓನರ್ ತಪ್ಪು ಮಾಡಲಿಲ್ಲ ಅನ್ನೋದನ್ನ ಗಮನಿಸಿ. ಯಾರಿಂದ ತಗೊಂಡಿದ್ದರೋ ಅವರಿಗೇ ಕೊಟ್ಟರು. ಅಣ್ಣನಿಗೆ ನನ್ನ ಇಪ್ಪತ್ತೈದೂ ಬಂತು, ಓನರ್ ಕೊಟ್ಟದ್ದೂ ಬಂತು. ಎರಡು ವಾರ "ಹಾಕ್ತೇನಪಾ" ಅಂದರು, ಆಮೇಲೆ ಫೋನ್ ಎತ್ತೋದು ಬಿಟ್ಟರು.

ಪುಣೆಯಲ್ಲಿ ಇದು ಅಪರೂಪದ ಮೋಸ ಅಲ್ಲ. 'ರಿಪ್ಲೇಸ್‌ಮೆಂಟ್' ಅಂತ ಕರೆಯೋ ಪದ್ಧತಿಯೇ ಹೀಗೆ. ಹೋಗೋನು ಬರೋನ ಹತ್ತಿರ ಡಿಪಾಸಿಟ್ ತಗೋತಾನೆ, ಬಂದೋನು ಮುಂದೆ ಹೋಗುವಾಗ ಇನ್ನೊಬ್ಬನ ಹತ್ತಿರ ತಗೋತಾನೆ. ಮನೆಯಲ್ಲಿರೋರ ಹೆಸರು ಬೇರೆ, ಕಾಗದದಲ್ಲಿರೋರ ಹೆಸರು ಬೇರೆ. ಸರಪಳಿ ಎಲ್ಲಿ ನಿಲ್ಲುತ್ತೋ, ಅಲ್ಲಿ ಇರೋನು ಮುಳುಗ್ತಾನೆ.

ನಮ್ಮ ಕಡೆಯಿಂದ ಬಂದವರು ಇದರಲ್ಲಿ ಬೀಳೋಕೆ ಇನ್ನೊಂದು ಕಾರಣ ಇದೆ. ಊರಲ್ಲಿ ಹನ್ನೊಂದು ತಿಂಗಳ ಕರಾರು ಅಂದ್ರೆ ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿ ಸಹಿ ಹಾಕಿದರೆ ಆಯ್ತು, ನೋಂದಣಿ ಯಾರು ಮಾಡಿಸ್ತಾರೆ ಅನ್ನೋ ಅಭ್ಯಾಸ. ಮಹಾರಾಷ್ಟ್ರದಲ್ಲಿ ಹಾಗಿಲ್ಲ. ಅಲ್ಲಿನ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ, ಅವಧಿ ಎಷ್ಟೇ ಇರಲಿ, ಲೀವ್ ಆ್ಯಂಡ್ ಲೈಸೆನ್ಸ್ ಕರಾರು ಬರಹದಲ್ಲಿರಬೇಕು, ನೋಂದಣಿ ಆಗಬೇಕು. ಮಾಡಿಸೋ ಹೊಣೆ ಓನರದ್ದು. ಮಾಡಿಸದಿದ್ದರೆ, ಷರತ್ತುಗಳ ಬಗ್ಗೆ ಜಗಳ ಬಂದಾಗ ಬೇರೆ ಪುರಾವೆ ಇಲ್ಲದಿದ್ದರೆ ಬಾಡಿಗೆದಾರನ ಮಾತೇ ನಿಲ್ಲುತ್ತೆ. ಕಾನೂನು ಬಾಡಿಗೆದಾರನ ಪರವಾಗೇ ಇದೆ. ಆದರೆ ನೋಂದಣಿಯಾದ ಕರಾರು ಇದ್ದಾಗ, ಬಾಡಿಗೆದಾರ ಯಾರು ಅಂತ ಹೇಳೋದು ಅದೇ ಕಾಗದ.

ಸರಿ, ಹೆಸರು ಸೇರಿಸೋಕೆ ಖರ್ಚೆಷ್ಟು? ನಮ್ಮ ಮನೆಯ ಲೆಕ್ಕವನ್ನೇ ಹೇಳ್ತೀನಿ. ಬಾಡಿಗೆ ತಿಂಗಳಿಗೆ 30,000, ಡಿಪಾಸಿಟ್ 90,000, ಅವಧಿ ಹನ್ನೊಂದು ತಿಂಗಳು. ಒಟ್ಟು ಬಾಡಿಗೆ 3,30,000. ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ. 10ರಂತೆ ಬಡ್ಡಿ ಲೆಕ್ಕ ಹಿಡಿದರೆ ಇನ್ನೊಂದು 8,250. ಎರಡೂ ಸೇರಿಸಿ ಅದರ ಶೇ. 0.25ರಷ್ಟು ಮುದ್ರಾಂಕ ಶುಲ್ಕ, ಅಂದರೆ ಸುಮಾರು 850 ರೂಪಾಯಿ. ನಗರ ಪ್ರದೇಶದಲ್ಲಿ ನೋಂದಣಿ ಶುಲ್ಕ 1,000. ಮೂವರು ಹಂಚಿಕೊಂಡರೆ ತಲೆಗೆ ಆರುನೂರು ಚಿಲ್ಲರೆ. ಏಜೆಂಟ್ ಹೆಬ್ಬೆಟ್ಟಿನ ಮಷಿನ್ ಹಿಡ್ಕೊಂಡು ಮನೆಗೇ ಬರ್ತಾನೆ. ಅವನ ಕೂಲಿ ಬೇರೆ ಕೊಡಬೇಕು, ಇಬ್ಬರು ಸಾಕ್ಷಿ ಬೇಕು, ಎಲ್ಲರ ಆಧಾರ್ ಬೇಕು. ಅರ್ಧ ದಿನದ ಕೆಲಸ.

"ಹೊಸ ಅಗ್ರಿಮೆಂಟ್ ಅಂದ್ರೆ ಓನರ್ ಬಾಡಿಗೆ ಏರಿಸ್ತಾರೆ" ಅಂತ ಹೆದರಿಸೋರು ಸಿಗ್ತಾರೆ. ಏರಿಸಬಹುದು, ಸುಳ್ಳಲ್ಲ. ಆದರೆ ಆ ಏರಿಕೆ ಎಷ್ಟು ಅಂತ ನೀವು ಬರೋಕೆ ಮುಂಚೆಯೇ ಗೊತ್ತಾಗುತ್ತೆ, ಬೇಡ ಅನ್ನಿಸಿದರೆ ಬಿಡಬಹುದು. ಡಿಪಾಸಿಟ್ ಹೋದದ್ದು ಗೊತ್ತಾಗೋದು ಗಂಟುಮೂಟೆ ಕಟ್ಟಿದ ದಿನ.

ಇನ್ನು ಕೆಲವರು ನನಗೆ ಹೇಳ್ತಾರೆ, ಪರಊರಲ್ಲಿ ನಮ್ಮವರೇ ನಮ್ಮವರನ್ನ ನಂಬದಿದ್ದರೆ ಹೇಗೆ, ಕಾಗದ ಕೇಳೋದು ಅವಮಾನ ಅಂತ. ನಾನು ಉಲ್ಟಾ ಹೇಳ್ತೀನಿ. ಅಗ್ರಿಮೆಂಟ್ ಬೇಡ ಅನ್ನೋಕೆ ಕನ್ನಡ ಬಳಸೋನೇ ಕನ್ನಡಕ್ಕೆ ಅವಮಾನ ಮಾಡ್ತಿರೋದು. ಒಂದೇ ಭಾಷೆ ಅಂದ್ರೆ ಏನು ಲಾಭ? ಸಂಕೋಚ ಇಲ್ಲದೆ ಕೇಳಬಹುದು, ಅರ್ಥ ಆಗೋ ಹಾಗೆ ಉತ್ತರ ಸಿಗುತ್ತೆ. ಇಂಗ್ಲಿಷಿನಲ್ಲಿ ನೀವು ಕೆಲಸಕ್ಕೆ ಅರ್ಜಿ ಹಾಕಿದ ಹಾಗೆ ಕೈಕಟ್ಟಿ ನಿಂತಿದ್ರಿ. ಕನ್ನಡದಲ್ಲಿ "ಸಾರ್, ನನ್ನ ಹೆಸರು ಯಾವಾಗ ಸೇರಿಸ್ತೀರಿ?" ಅಂತ ಕೇಳೋದು ಅಷ್ಟು ಕಷ್ಟವಾ?

ಇಷ್ಟು ಬೈದ ಮೇಲೆ ನನ್ನ ಕಡೆಯ ವಿಷಯ ಹೇಳಿಬಿಡ್ತೀನಿ. ಶನಿವಾರ ಬಂದು ಮನೆ ನೋಡಿ. ನಿಮಗೆ ಸಿಗೋದು ಚಿಕ್ಕ ರೂಮು, ಪಶ್ಚಿಮದ ಬಿಸಿಲು ಹೊಡೆಯುತ್ತೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು, ಅದರ ಖರ್ಚು ಮೆಂಟೆನೆನ್ಸ್‌ನಲ್ಲಿ ಸೇರಿಲ್ಲ. ಈಗಿನ ಕರಾರಿನ ಇಂಡೆಕ್ಸ್-2 ಪ್ರತಿ ತೋರಿಸ್ತೀನಿ, ಅದರಲ್ಲಿ ಯಾರ್‍ಯಾರ ಹೆಸರಿದೆ ನೀವೇ ಓದಿ. ಒಪ್ಪಿಗೆಯಾದರೆ ಓನರ್ ಕಾಕಾ ಹತ್ತಿರ ಹೋಗಿ ಹಳೇದನ್ನ ರದ್ದು ಮಾಡಿ ನಿಮ್ಮ ಹೆಸರಿರೋ ಹೊಸದು ಮಾಡಿಸೋಣ. ಡಿಪಾಸಿಟ್ಟಿನ ನಿಮ್ಮ ಪಾಲು ಕಾಕಾ ಖಾತೆಗೆ ನಿಮ್ಮ ಖಾತೆಯಿಂದಲೇ ಹೋಗಲಿ, ಹೋಗೋ ಹುಡುಗನಿಗೆ ಅವರೇ ವಾಪಸ್ ಕೊಡಲಿ. ನನ್ನ ಕೈಗೂ ಬೇಡ, ಅವನ ಕೈಗೂ ಬೇಡ.

ಬರುವಾಗ ಆಧಾರ್ ತನ್ನಿ. ಆ ಸಸ್ಯಾಹಾರದ ಪ್ರಮಾಣಪತ್ರ ಊರಲ್ಲೇ ಬಿಟ್ಟು ಬನ್ನಿ, ನಮ್ಮನೇಲಿ ಭಾನುವಾರ ಕೋಳಿ ಬೇಯುತ್ತೆ. ಅದನ್ನೂ ನೀವು ಕೇಳಿರಲಿಲ್ಲ.