ನೆಗಡಿಗೆ ನುಂಗಿದ ಮಾತ್ರೆ
ನೆಗಡಿ ಬಂದರೆ ಡಾಕ್ಟರ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ನಾಲ್ಕು ಅಮಾಕ್ಸಿಸಿಲಿನ್ ಕತ್ತರಿಸಿಕೊಂಡು ಬರುವವರಲ್ಲಿ ನಾನೂ ಒಬ್ಬನಾಗಿದ್ದೆ. ಪೆನಿಸಿಲಿನ್ ವಂಶದ ಈ ಮಾತ್ರೆ ಮಾಡುವುದು ಗೋಡೆ ಕೆಡವುವ ಕೆಲಸ. ಬ್ಯಾಕ್ಟೀರಿಯಾ ಬೆಳೆಯುವಾಗ ತನ್ನ ಸುತ್ತಲಿನ ಗೋಡೆಯ ಹೆಣಿಗೆಯನ್ನು ಅಲ್ಲಲ್ಲಿ ಬಿಚ್ಚಿ, ಹೊಸ ಎಳೆ ಸೇರಿಸಿ ಗಂಟು ಹಾಕುತ್ತದೆ. ಗಂಟು ಹಾಕುವ ಕಿಣ್ವಕ್ಕೆ ಔಷಧಿ ಅಂಟಿಕೊಂಡರೆ ಬಿಚ್ಚುವುದು ನಡೆದೇ ಇರುತ್ತದೆ, ಕಟ್ಟುವುದು ನಿಲ್ಲುತ್ತದೆ. ಒಳಗಿನ ಒತ್ತಡಕ್ಕೆ ಕೋಶ ಒಡೆದುಹೋಗುತ್ತದೆ. ನಮ್ಮ ಜೀವಕೋಶಗಳಿಗೆ ಇಂಥ ಗೋಡೆ ಇಲ್ಲ, ನಾವು ಬಚಾವ್. ನೆಗಡಿಯ ವೈರಸ್ಸಿಗೂ ಇಲ್ಲ, ಅದೂ ಬಚಾವ್! ಏಟು ಬೀಳುವುದು ಕರುಳಿನಲ್ಲಿ ತಮ್ಮ ಪಾಡಿಗಿದ್ದ ಇ. ಕೋಲೈನಂಥವಕ್ಕೆ. ಆ ಗುಂಪಿನಲ್ಲಿ ಒಂದೆರಡರ ಬಳಿ ಪೆನಿಸಿಲಿನ್ನನ್ನೇ ತುಂಡರಿಸುವ ಕಿಣ್ವವಿದ್ದರೆ, ನೆರೆಹೊರೆ ಸತ್ತು ಖಾಲಿಯಾದ ಜಾಗ, ಆಹಾರ ಎರಡೂ ಅವಕ್ಕೇ. ಮಾತ್ರೆ ಅವನ್ನು ಹುಟ್ಟಿಸಿದ್ದಲ್ಲ, ಆರಿಸಿದ್ದು. ಈ ಕಿಣ್ವವನ್ನು ವಿಜ್ಞಾನಿಗಳಾದ ಅಬ್ರಹಾಂ ಮತ್ತು ಚೈನ್ ವರದಿ ಮಾಡಿದ್ದೇ 1940ರಲ್ಲಿ, ಪೆನಿಸಿಲಿನ್ ಅಂಗಡಿಗೆ ಬರುವ ಮೊದಲು. ಕಿಣ್ವದ ಜೀನ್ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿದ್ದರಂತೂ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ಕೈದಾಟುತ್ತದೆ. ಕೆಲವು ವಾರಗಳ ಬಳಿಕ ಅದೇ ಇ. ಕೋಲೈ ಮೂತ್ರನಾಳ ಹತ್ತಿ ಉರಿ ಶುರುವಾಯಿತೆನ್ನಿ. ಲ್ಯಾಬಿನವರು ಅದನ್ನು ತಟ್ಟೆಯಲ್ಲಿ ಹರಡಿ, ನಡುವೆ ಔಷಧಿಯ ಬಿಲ್ಲೆ ಇಟ್ಟು ಬೆಳೆಯಲು ಬಿಡುತ್ತಾರೆ. ಬಿಲ್ಲೆಯ ಸುತ್ತ ಬರಿದಾಗಬೇಕಿದ್ದ ವೃತ್ತದಲ್ಲಿ ಅದು ಅಂಚಿಗೆ ತಾಗಿಕೊಂಡೇ ಹುಲುಸಾಗಿ ಬೆಳೆದಿರುತ್ತದೆ.