ತಲೆ ಜಪ್ಪುವ ಮಗುವನ್ನು ಹಿಡಿದು ನಿಲ್ಲಿಸುದು ಬೇಡ

ಮಲಗುವ ಹೊತ್ತಿಗೆ ಮಗು ಮಂಚಕ್ಕೋ ಗೋಡೆಗೋ ತಲೆ ಜಪ್ಪಲಿಕ್ಕೆ ಶುರು ಮಾಡಿತು ಅಂದ್ರೆ ನಮ್ಮಲ್ಲಿ ಎಲ್ಲರೂ ಮೊದಲು ನೋಡುದು ತಾಯಿಯ ಮುಖ. ಹಾಲು ಸಾಕಾಗ್ಲಿಲ್ವಾ, ಮೊಬೈಲು ಕೊಟ್ಟಿದ್ದೀಯಾ, ಬಸುರಿಯಿದ್ದಾಗ ಎಂತಾದ್ರೂ ಹೆದರಿದ್ದೀಯಾ ಅಂತ ಕೇಳುದು. ಆಮೇಲೆ ಮಗುವಿನ ತಲೆ ಹಿಡಿಯುದು. ನಾನು ಹೇಳುದು ಇಷ್ಟೇ: ಹುಷಾರಾಗಿ ಬೆಳೆಯುತ್ತಿರುವ ಮಗು ನಿದ್ದೆಗೆ ಮುಂಚೆ ಹೀಗೆ ಮಾಡಿದ್ರೆ ತಲೆ ಹಿಡಿಯುದೂ ಬೇಡ, ತಾಯಿಯನ್ನು ಹಿಡಿಯುದೂ ಬೇಡ.

ಕಾಪುವಿನಲ್ಲಿರುವ ನನ್ನ ತಂಗಿ ಮಗಳ ಮಾಣಿಯದ್ದೇ ಹೇಳ್ತೇನೆ. ಹತ್ತು ತಿಂಗಳಿಗೆ ಶುರುವಾದದ್ದು. ರಾತ್ರಿ ಎಂಟೂವರೆಗೆ ಮಂಚದಲ್ಲಿ ಬಿಟ್ರೆ ಅಂಬೆಗಾಲು ಹಾಕಿದ ಹಾಗೆ ನಿಂತು ಹಿಂದೆ ಮುಂದೆ ಓಲಾಡುದು, ಹಣೆ ಹೋಗಿ ಮಂಚದ ಹಲಗೆಗೆ ಟಕ್ ಟಕ್ ಅಂತ ತಾಗುದು. ಗಡಿಯಾರದ ಸೆಕೆಂಡಿಗೆ ಒಂದರಂತೆ, ತಾಳ ತಪ್ಪದೆ. ಹತ್ತು ಹನ್ನೆರಡು ನಿಮಿಷ ಆದ ಮೇಲೆ ಅಲ್ಲೇ ಮಗುಚಿ ಬಿದ್ದು ನಿದ್ದೆ. ಅಳು ಇಲ್ಲ, ಸಿಟ್ಟಿಲ್ಲ. ಗಂಡ ಇರುದು ದುಬೈಯಲ್ಲಿ. ಅವನು ವಿಡಿಯೋ ಕಾಲಲ್ಲಿ ಆ ಶಬ್ದ ಕೇಳಿ ಗಾಬರಿಯಾಗಿ ಅಮ್ಮನಿಗೆ ಫೋನ್ ಮಾಡುದು, ಅತ್ತೆ ಬಂದು ಸೊಸೆಗೆ ಹೇಳುದು. ಹೆಣ್ಣು ಹದಿನೈದು ದಿನದಲ್ಲಿ ಸೊರಗಿ ಹೋಯ್ತು.

ಕಾರ್ಕಳದ ದೊಡ್ಡಮ್ಮ ಬಂದವರು ಇದು ಬಾಲಗ್ರಹ ಅಂದ್ರು. ಆ ಒಂದು ಹೆಸರಿನಡಿ ನಮ್ಮ ಹಿರಿಯರು ಫಿಟ್ಸನ್ನೂ ಹಾಕಿದ್ರು, ಹೆದರಿ ಅಳುದನ್ನೂ ಹಾಕಿದ್ರು, ಇದನ್ನೂ ಹಾಕಿದ್ರು. ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುದರಿಂದ ಮಗುವಿಗೆ ಏನೂ ಆಗುದಿಲ್ಲ, ಅದು ಮಾಡಿ. ಆದ್ರೆ ಪಕ್ಕದ ಮನೆಯವರೊಬ್ರು ಶೀತದ ಸಿರಪ್ ಅರ್ಧ ಚಮಚ ಕೊಡು, ನಿದ್ದೆ ಹೋಗ್ತದೆ ಅಂದ್ರಲ್ಲ, ಅದು ಮಾತ್ರ ಖಂಡಿತ ಬೇಡ. ನಿದ್ದೆ ಬರಿಸುವ ಅಂಥ ಕೆಲವು ಔಷಧಿ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟವನ್ನೇ ನಿಧಾನ ಮಾಡಿ ಜೀವಕ್ಕೆ ತಂದದ್ದುಂಟು. ತಲೆ ಜಪ್ಪಿ ಯಾವ ಹುಷಾರಿನ ಮಗುವಿಗೂ ಅಷ್ಟು ಅಪಾಯ ಬರುದಿಲ್ಲ.

ಕೊನೆಗೆ ಮಾಣಿಗೆ ಹದಿನಾಲ್ಕು ತಿಂಗಳಾದಾಗ ಮಣಿಪಾಲಕ್ಕೆ ಕರ್ಕೊಂಡು ಹೋದದ್ದು, ನಾನೂ ಜೊತೆಗಿದ್ದೆ. ಹೋಗುವ ಮೊದಲು ಒಂದು ವಾರ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದೆವು, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ನಿಂತಿತು ಅಂತ. ಎರಡು ನಿಮಿಷದ ವಿಡಿಯೋ ಕೂಡ. ಡಾಕ್ಟ್ರಮ್ಮ ವಿಡಿಯೋ ನೋಡಿ ಕೇಳಿದ್ದು ಹೆಚ್ಚಿಲ್ಲ. ಹೆಸರು ಕರೆದ್ರೆ ನಿಲ್ಲಿಸಿ ನೋಡ್ತಾನಾ? ನೋಡ್ತಾನೆ, ನೋಡಿ ನಗಾಡಿ ಪುನಃ ಶುರು ಮಾಡ್ತಾನೆ. ಹಗಲು ಆಡುವಾಗ ಮಾಡ್ತಾನಾ? ಇಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸ್ತಾನಾ? ಕಾಗೆಯಿಂದ ಹಿಡಿದು ಫ್ಯಾನಿನವರೆಗೆ ಎಲ್ಲ ತೋರಿಸ್ತಾನೆ. ಕಿವಿ ನೋಡಿದ್ರು, ತಲೆಯ ಸುತ್ತಳತೆ ತೆಗೆದ್ರು. ಸ್ಕ್ಯಾನ್ ಬೇಡ ಅಂದ್ರು. ನಮ್ಮ ಹುಡುಗಿ ಅಲ್ಲೇ ಅತ್ತುಬಿಟ್ಲು.

ಅವರು ಹೇಳಿದ್ದು ನಮಗೆಲ್ಲ ಹೊಸತು. ಒಂಬತ್ತು ತಿಂಗಳಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿದ್ದೆಗೆ ಮುಂಚೆ ಮೈ ಓಲಾಡಿಸುದೋ, ತಲೆ ಹೊರಳಿಸುದೋ, ಜಪ್ಪುದೋ ಏನಾದ್ರೊಂದು ಮಾಡ್ತಾರಂತೆ. ಒಂದೂವರೆ ವರ್ಷಕ್ಕೆ ಅದು ಮೂರರಲ್ಲೊಂದು ಮಗುವಿಗೆ ಇಳೀತದೆ, 5 ವರ್ಷಕ್ಕೆ ನೂರಕ್ಕೆ ಐದು ಮಕ್ಕಳು ಉಳಿಯುದು. ಜಪ್ಪುವವರು ಕಡಿಮೆ, ಅದರಲ್ಲಿ ಗಂಡು ಮಕ್ಕಳು ಜಾಸ್ತಿ. ಸಾಮಾನ್ಯವಾಗಿ ಕಾಲು ಗಂಟೆಯೊಳಗೆ ಮುಗೀತದೆ. ಹಣೆಯಲ್ಲಿ ಕೆಂಪಾಗಬಹುದು, ಸ್ವಲ್ಪ ಗಟ್ಟಿಯಾಗಬಹುದು, ಬೇರೆ ತೊಂದರೆ ಇಲ್ಲದ ಮಗು ಇದರಿಂದ ಮಿದುಳಿಗೆ ಪೆಟ್ಟು ಮಾಡಿಕೊಳ್ಳುದು ತೀರಾ ಅಪರೂಪ.

ಹೀಗ್ಯಾಕೆ ಮಾಡುದು ಅಂತ ಕೇಳಿದ್ರೆ, ನಾವು ತೊಟ್ಟಿಲು ತೂಗುದು ಯಾಕೆ ಅಂತ ಯೋಚಿಸಿ. ಒಳಕಿವಿಯಲ್ಲಿ ಮೈಯ ಚಲನೆ ಗೊತ್ತು ಮಾಡುವ ಅಂಗ ಉಂಟು. ಒಂದೇ ತಾಳದಲ್ಲಿ ಅದು ಅಲ್ಲಾಡಿದ್ರೆ ನಿದ್ದೆ ಹತ್ತುದು ಸುಲಭ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ದೊಡ್ಡವರನ್ನೇ ತೂಗುವ ಮಂಚದಲ್ಲಿ ಮಲಗಿಸಿ ನೋಡಿದ್ರಂತೆ, 2019ರಲ್ಲಿ ಪ್ರಕಟವಾದದ್ದು. ಅವರಿಗೂ ಬೇಗ ನಿದ್ದೆ ಬಂತು, ಗಾಢ ನಿದ್ದೆಯೂ ಹೆಚ್ಚಾಯ್ತು. ನಮ್ಮ ಅಜ್ಜಿಯಂದಿರಿಗೆ ಅಷ್ಟು ಖರ್ಚಿಲ್ಲದೆ ಗೊತ್ತಿತ್ತು ಬಿಡಿ. ಮಾಣಿಯನ್ನೂ ಹತ್ತು ತಿಂಗಳಿಗೇ ತೊಟ್ಟಿಲಿಂದ ತೆಗೆದು ಮಂಚಕ್ಕೆ ಹಾಕಿದ್ದು. ಅದಕ್ಕೇ ಶುರುವಾಯ್ತು ಅಂತ ಡಾಕ್ಟ್ರು ಹೇಳ್ಲಿಲ್ಲ, ತೊಟ್ಟಿಲು ಕಾಣದ ಮಕ್ಕಳೂ ಮಾಡ್ತಾರೆ. ಆದ್ರೆ ನನಗೆ ಅವನು ತನ್ನನ್ನು ತಾನೇ ತೂಗಿಕೊಳ್ತಾ ಇದ್ದಾನೆ ಅಂತ್ಲೇ ಕಾಣ್ತದೆ. ಹಾಗೆ ತೂಗಿಕೊಳ್ಳುವವನ ತಲೆ ಹಿಡಿದ್ರೆ ಎಂತಾಗ್ತದೆ? ನಿದ್ದೆಯ ಹತ್ರ ಬಂದವನು ಪೂರಾ ಎಚ್ಚರ ಆಗ್ತಾನೆ, ಪುನಃ ಮೊದಲಿಂದ ಶುರು. ಅತ್ತೆ ಹಿಡಿದ ದಿನ ನಲುವತ್ತು ನಿಮಿಷ ಹೋದದ್ದು ಕ್ಯಾಲೆಂಡರಿನಲ್ಲೇ ಉಂಟು.

ಮನೆಯಲ್ಲಿ ಮಾಡಿದ್ದು ಮೂರೇ ಕೆಲಸ. ಜಪ್ಪಿ ಜಪ್ಪಿ ಮಂಚದ ಬೋಲ್ಟು ಸಡಿಲಾಗಿತ್ತು, ಅದನ್ನು ಬಿಗಿ ಮಾಡಿಸಿದ್ದು. ಈಗಲೂ ತಿಂಗಳಿಗೊಮ್ಮೆ ನೋಡುದುಂಟು, ಹಲಗೆ ಕಳಚಿ ಬಿದ್ರೆ ನಿಜವಾದ ಪೆಟ್ಟು ಅದು. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದದ್ದು, ಪಕ್ಕದ ಕೋಣೆಗೆ ಶಬ್ದ ಹೋಗುದು ನಿಂತಿತು. ಮತ್ತೆ, ಎಂಟೂವರೆಗೆ ನಿದ್ದೆಯೇ ಬಾರದೆ ಮಲಗಿಸ್ತಿದ್ರು, ಅದನ್ನು ಒಂಬತ್ತು ಮಾಡಿದ್ದು. ಜಪ್ಪುದು ಐದಾರು ನಿಮಿಷಕ್ಕೆ ಇಳೀತು. ಸುತ್ತ ದಿಂಬು ಇಟ್ಟದ್ದನ್ನೆಲ್ಲ ಡಾಕ್ಟ್ರು ತೆಗೆಸಿದ್ರು. ಸಣ್ಣ ಮಕ್ಕಳ ಮುಖ ಮೆತ್ತೆಯಲ್ಲಿ ಹೂತು ಉಸಿರು ಕಟ್ಟುವ ಭಯ, ಮತ್ತೆ ಮಗು ಮೆತ್ತೆ ಬಿಟ್ಟು ಗಟ್ಟಿ ಜಾಗ ಹುಡುಕಿಕೊಂಡು ಹೋಗ್ತದೆ.

ಹಾಗಂತ ಎಲ್ಲ ತಲೆ ಜಪ್ಪುದೂ ಒಂದೇ ಅಲ್ಲ. ಇಷ್ಟು ದಿನ ಇಲ್ಲದ್ದು ಥಟ್ಟನೆ ಶುರುವಾಗಿ ಜ್ವರ ಇದ್ರೆ, ಕಿವಿ ಎಳೆದುಕೊಂಡು ಅತ್ರೆ ಕಿವಿ ತೋರಿಸಿ. ಹಗಲಿಡೀ ಓಲಾಡ್ತಾ, ಕರೆದ್ರೆ ತಿರುಗದೆ, ಬೆರಳು ಮಾಡಿ ತೋರಿಸದೆ ಇದ್ರೆ, ಬಂದ ಮಾತು ಹೋದ್ರೆ, ಆಗ ತೋರಿಸಬೇಕಾದದ್ದು ತಲೆ ಜಪ್ಪುದಕ್ಕಲ್ಲ, ಬೆಳವಣಿಗೆಗೆ. ಕಣ್ಣು ಕಾಣದ ಮಕ್ಕಳು, ಬೆಳವಣಿಗೆ ತುಂಬ ಹಿಂದುಳಿದ ಮಕ್ಕಳು ಜೋರಾಗಿ ಜಪ್ಪಿ ಗಾಯ ಮಾಡಿಕೊಳ್ಳುದೂ ಉಂಟು, ಅವರ ವಿಷಯಕ್ಕೆ ನಾನು ಮೇಲೆ ಹೇಳಿದ ಧೈರ್ಯ ಸಲ್ಲುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಫಿಟ್ಸಿನದ್ದು ಗುರುತಿಸುದು. ಮಾಣಿಯ ಹಾಗಲ್ಲ, ಕರೆದ್ರೂ ಮುಟ್ಟಿದ್ರೂ ನಿಲ್ಲುದಿಲ್ಲ, ಕಣ್ಣು ಒಂದು ಕಡೆ ಹೋಗಬಹುದು, ಮೈ ಸೆಟೆಯಬಹುದು, ತುಟಿ ನೀಲಿಯಾಗಬಹುದು. ಇನ್ನೊಂದು ಬಗೆ ನೋಡಲಿಕ್ಕೆ ಸಣ್ಣದು, ಆದ್ರೆ ಅದೇ ಕೆಟ್ಟದ್ದು. ವರ್ಷದೊಳಗಿನ ಮಗು, ಹೆಚ್ಚಾಗಿ ನಿದ್ದೆಯಿಂದ ಎದ್ದ ಕೂಡ್ಲೆ, ಬೆಚ್ಚಿದ ಹಾಗೆ ತಲೆ ಥಟ್ಟನೆ ಮುಂದೆ ಬಗ್ಗಿಸಿ ಕೈ ಚಾಚುದು, ಕೆಲವು ಸೆಕೆಂಡು ಬಿಟ್ಟು ಪುನಃ, ಹೀಗೆ ಸಾಲಾಗಿ. ಹೊಟ್ಟೆನೋವು ಅಂತ ಓಮದ ನೀರು ಕೊಟ್ಟು ವಾರಗಟ್ಟಲೆ ಕಾದ್ರೆ ಮಗುವಿನ ಬುದ್ಧಿ ಬೆಳೆಯುದೇ ಕುಂಠಿತ ಆಗಬಹುದು. ಅದನ್ನು ಕಂಡ ಕೂಡ್ಲೆ ಮೊಬೈಲಲ್ಲಿ ವಿಡಿಯೋ ಮಾಡಿ. ಆಯಿತವಾರ ಆದ್ರೂ ಸರಿ, ಸೋಮವಾರದ ಓಪಿಡಿಗೆ ಕಾಯದೆ ಅದೇ ದಿನ ಉಡುಪಿಗೋ ಮಣಿಪಾಲಕ್ಕೋ ಮಗುವನ್ನು ಕರ್ಕೊಂಡು ಹೋಗಿ.